ಸಿಟ್ಟಾದ ಗ್ರಾಹಕನ ಪ್ರಶ್ನೆ: ಇಂಟರ್‌ವ್ಯೂ ಶುರುವಾಗುವುದೇ ಎರಡನೇ ಪ್ರಶ್ನೆಯಿಂದ

ಪ್ರಶ್ನೆ: ಮೇಡಂ, ನಾನು ದಾವಣಗೆರೆಯವನು. ಬಿ.ಕಾಂ. ಮುಗಿಸಿ ಎರಡು ವರ್ಷ ಸೋದರಮಾವನ ಬಟ್ಟೆ ಅಂಗಡಿಯಲ್ಲಿ ಇದ್ದೆ. ಈಗ ಬೆಂಗಳೂರಲ್ಲಿ ಕೆಲಸ ಹುಡುಕ್ತಿದ್ದೀನಿ. ಒಂದು ಬಟ್ಟೆ ಶೋರೂಮ್, ಒಂದು ಹೋಟೆಲ್ ಫ್ರಂಟ್ ಆಫೀಸ್, ಎರಡೂ ಕಡೆ "ಗ್ರಾಹಕ ಸಿಟ್ಟಾಗಿ ಕೂಗಾಡ್ತಿದ್ರೆ ಏನ್ ಮಾಡ್ತೀರಿ" ಅಂತ ಕೇಳಿದ್ರು. ಸಮಾಧಾನವಾಗಿ ಕೇಳಿಸ್ಕೊಳ್ತೀನಿ, ಸಾರಿ ಕೇಳ್ತೀನಿ, ಆಗದಿದ್ರೆ ಮ್ಯಾನೇಜರ್ ಕರೀತೀನಿ ಅಂದೆ. ಅದಾದ ಮೇಲೆ ಇನ್ನೂ ಏನೇನೋ ಕೇಳಿದ್ರು, ತಡವರಿಸಿದೆ. ಎರಡೂ ಕಡೆ ಕೆಲಸ ಸಿಗಲಿಲ್ಲ. ನನ್ನ ಉತ್ತರದಲ್ಲಿ ತಪ್ಪೇನಿತ್ತು? ಮುಂದಿನ ವಾರ ಇನ್ನೊಂದು ಹೋಟೆಲ್ ಇಂಟರ್‌ವ್ಯೂ ಇದೆ.

ಉತ್ತರ:

ತಪ್ಪೇನೂ ಇರಲಿಲ್ಲ. ಆದರೆ ಅವತ್ತು ಬಂದಿದ್ದ ಎಲ್ಲರೂ ಅದನ್ನೇ ಹೇಳಿರುತ್ತಾರೆ. ನಾನು ಹೋಟೆಲ್ ಫ್ರಂಟ್ ಆಫೀಸ್‌ನಲ್ಲಿ ಬಹಳ ವರ್ಷ ಕೆಲಸ ಮಾಡಿದವಳು, ಹೊಸಬರನ್ನು ಆರಿಸುವ ಕೆಲಸವೂ ನನ್ನ ಪಾಲಿಗೆ ಬಂದಿತ್ತು. ಒಂದು ದಿನಕ್ಕೆ ಹನ್ನೆರಡು ಜನ ಬಂದರೆ ಹನ್ನೊಂದು ಜನ "ಸಮಾಧಾನವಾಗಿ ಕೇಳುತ್ತೇನೆ, ಸಾರಿ ಹೇಳುತ್ತೇನೆ, ಮ್ಯಾನೇಜರ್ ಕರೆಯುತ್ತೇನೆ" ಎನ್ನುತ್ತಿದ್ದರು. ಅದನ್ನು ಕೇಳಿ ಯಾರು ಕೆಲಸಕ್ಕೆ ಆಗುತ್ತಾರೆ, ಯಾರು ಆಗುವುದಿಲ್ಲ ಅಂತ ತೀರ್ಮಾನ ಮಾಡುವುದಕ್ಕೆ ಆಗುವುದೇ ಇಲ್ಲ. ಅದಕ್ಕೇ ನಾವು ಎರಡನೇ ಪ್ರಶ್ನೆ ಕೇಳುತ್ತೇವೆ, ಮೂರನೇದು ಕೇಳುತ್ತೇವೆ. ನೀವು "ಇನ್ನೂ ಏನೇನೋ ಕೇಳಿದ್ರು" ಅಂತ ಒಂದೇ ಸಾಲಲ್ಲಿ ದಾಟಿಬಿಟ್ಟಿದ್ದೀರಲ್ಲ, ಇಂಟರ್‌ವ್ಯೂ ನಡೆದದ್ದು ಅಲ್ಲೇ.

ಆ ಏನೇನೋ ಯಾವುದಿರಬಹುದು ಅಂತ ನನಗೆ ಅಂದಾಜಿದೆ. "ಮ್ಯಾನೇಜರ್ ಅವತ್ತು ಇಲ್ಲ ಅಂತ ಇಟ್ಟುಕೊಳ್ಳಿ, ಆಗ?" "ಅವನಿಗೆ ನಿಮ್ಮ ಸಾರಿ ಬೇಡ, ದುಡ್ಡು ವಾಪಸ್ ಬೇಕು, ಆಗ?" "ಹಿಂದೆ ಇನ್ನೂ ನಾಲ್ಕು ಜನ ನಿಂತಿದ್ದಾರೆ, ಅವರನ್ನು ಏನು ಮಾಡ್ತೀರಿ?" ಹೀಗೆ ಒಂದೊಂದೇ ಬಾಗಿಲು ಮುಚ್ಚುತ್ತಾ ಹೋಗುತ್ತಾರೆ. ಅವರು ನೋಡುತ್ತಿರುವುದು ಮೂರು ವಿಷಯ. ನಡೆದದ್ದು ಏನು ಅಂತ ಈ ಹುಡುಗ ಪತ್ತೆ ಮಾಡುತ್ತಾನಾ? ತನ್ನ ಕೈಯಲ್ಲಿ ಏನು ಕೊಡಲು ಆಗುತ್ತದೆ, ಏನು ಆಗುವುದಿಲ್ಲ ಅಂತ ಗೊತ್ತಾ? ಕೊಟ್ಟ ಮಾತನ್ನು ಕೊನೆ ತನಕ ಹಿಂಬಾಲಿಸುತ್ತಾನಾ? ವಿನಯ ಇದೆಯಾ ಅಂತ ನೋಡುವುದಕ್ಕೆ ಬೇರೆ ಪ್ರಶ್ನೆ ಬೇಕಿಲ್ಲ, ನೀವು ಬಾಗಿಲು ತೆಗೆದು ಒಳಗೆ ಬಂದು ಕೂತ ರೀತಿಯಲ್ಲೇ ಅದು ಕಾಣುತ್ತದೆ.

ಮುಂದಿನ ಇಂಟರ್‌ವ್ಯೂ ಹೋಟೆಲ್ಲಿನದು ಅಂದಿರಿ. ಹಾಗಾಗಿ ಒಂದು ಹೋಟೆಲ್ ಪ್ರಸಂಗವನ್ನೇ ತೆಗೆದುಕೊಂಡು ಕೊನೆ ತನಕ ಬಿಡಿಸುತ್ತೇನೆ. ಫ್ರಂಟ್ ಆಫೀಸ್‌ಗೆ ಬರುವವರಿಗೆ ನಾನು ಜಾಸ್ತಿ ಕೇಳುತ್ತಿದ್ದದ್ದು ಇದನ್ನೇ, ಬೇರೆಯವರೂ ಇದನ್ನು ಒಂದಲ್ಲ ಒಂದು ರೂಪದಲ್ಲಿ ಕೇಳುತ್ತಾರೆ.

ಭಾನುವಾರ ಬೆಳಿಗ್ಗೆ ಹನ್ನೊಂದೂಕಾಲು. ರಾತ್ರಿಯೆಲ್ಲ ಬಸ್ಸಿನಲ್ಲಿ ಬಂದ ಒಂದು ಕುಟುಂಬ ಕೌಂಟರ್ ಹತ್ತಿರ ಬರುತ್ತದೆ. ಗಂಡ, ಹೆಂಡತಿ, ಒಂದು ಮಗು, ಎಪ್ಪತ್ತು ದಾಟಿದ ತಾಯಿ. ಆ್ಯಪ್‌ನಲ್ಲಿ ಬುಕ್ ಮಾಡಿ ಪೂರ್ತಿ ದುಡ್ಡು ಕಟ್ಟಿದ್ದಾರೆ. ಹೋಟೆಲ್ಲಿನ ಚೆಕ್‌ಇನ್ ಮಧ್ಯಾಹ್ನ ಎರಡಕ್ಕೆ. ಹಿಂದಿನ ರಾತ್ರಿ ಹೋಟೆಲ್ ಫುಲ್ ಇತ್ತು, ಈಗ ಕ್ಲೀನ್ ಆಗಿರುವ ರೂಮ್ ಒಂದೂ ಇಲ್ಲ. ಅವರು ಹೇಳುತ್ತಾರೆ: "ನಿನ್ನೆ ಫೋನ್ ಮಾಡಿದ್ದೆ. ನಿಮ್ಮವರೇ ಹನ್ನೊಂದಕ್ಕೆ ಬನ್ನಿ, ರೂಮ್ ಕೊಡ್ತೀವಿ ಅಂದ್ರು." ನಿಮ್ಮ ಸಿಸ್ಟಮ್‌ನಲ್ಲಿ ಆ ಬಗ್ಗೆ ಒಂದು ಸಾಲೂ ಬರೆದಿಲ್ಲ. ಅವರ ದನಿ ಏರುತ್ತಿದೆ, ಲಾಬಿಯಲ್ಲಿ ಕೂತವರೆಲ್ಲ ತಿರುಗಿ ನೋಡುತ್ತಿದ್ದಾರೆ. ಈಗ ಹೇಳಿ.

ಇಲ್ಲಿ ಜನ ಎಲ್ಲೆಲ್ಲಿ ಜಾರುತ್ತಾರೆ ಅಂತ ಮೊದಲು ಹೇಳಿಬಿಡುತ್ತೇನೆ. ಕೆಲವರು "ಸರ್, ನಮ್ಮ ಪಾಲಿಸಿ ಎರಡು ಗಂಟೆ" ಅಂತ ಶುರು ಮಾಡುತ್ತಾರೆ. ಅದು ನಿಜ. ಆದರೆ ಆ ಮನುಷ್ಯನಿಗೆ ಅದು ಗೊತ್ತು, ಗೊತ್ತಿದ್ದೇ ಫೋನ್ ಮಾಡಿ ಕೇಳಿದ್ದಾನೆ. ಕೆಲವರು "ಯಾರು ಹೇಳಿದ್ದು, ಹೆಸರು ಹೇಳಿ" ಎನ್ನುತ್ತಾರೆ. ಅಲ್ಲಿಗೆ ಅದು ವಿಚಾರಣೆ ಆಗಿಬಿಡುತ್ತದೆ, ಅತಿಥಿ ಸುಳ್ಳು ಹೇಳುತ್ತಿದ್ದಾನೆ ಅಂತ ನೀವು ಅಂದ ಹಾಗೇ. ಇನ್ನು ಕೆಲವರು ನಮ್ಮನ್ನು ಮೆಚ್ಚಿಸಲಿಕ್ಕೆ "ದೊಡ್ಡ ರೂಮಿಗೆ ಫ್ರೀಯಾಗಿ ಅಪ್‌ಗ್ರೇಡ್ ಮಾಡಿಕೊಡ್ತೀನಿ" ಎನ್ನುತ್ತಾರೆ. ತಕ್ಷಣ ನಾನು ಕೇಳುತ್ತಿದ್ದೆ: "ಯಾರ ಅನುಮತಿಯಿಂದ?" ಇಂಟರ್‌ವ್ಯೂನಲ್ಲಿ ಹೋಟೆಲ್ಲಿನ ಆಸ್ತಿಯನ್ನು ಧಾರಾಳವಾಗಿ ಹಂಚಿದವರು ಕೌಂಟರ್‌ನಲ್ಲೂ ಹಂಚುತ್ತಾರೆ ಅಂತಲೇ ಕೇಳುವವರಿಗೆ ಅನಿಸುವುದು.

ಎಲ್ಲಕ್ಕಿಂತ ಕೆಟ್ಟದ್ದು "ಹತ್ತು ನಿಮಿಷ ಸರ್" ಅನ್ನುವುದು. ನನ್ನ ಮೊದಲ ವರ್ಷದಲ್ಲಿ ನಾನೇ ಹಾಗೆ ಹೇಳಿದ್ದೆ. ಹೌಸ್‌ಕೀಪಿಂಗ್‌ಗೆ ಒಂದು ಮಾತೂ ಕೇಳದೆ, ಸುಮ್ನೆ ಆ ಕ್ಷಣ ತಪ್ಪಿಸಿಕೊಳ್ಳಲು ಹೇಳಿದ ಹತ್ತು ನಿಮಿಷ ಐವತ್ತು ನಿಮಿಷ ಆಯಿತು. ಮೊದಲು ಅವರಿಗೆ ರೂಮಿನ ಮೇಲಿದ್ದ ಸಿಟ್ಟು ಆಮೇಲೆ ನನ್ನ ಮೇಲೆ ಬಂತು, ಅದು ನ್ಯಾಯವಾದ ಸಿಟ್ಟೇ ಆಗಿತ್ತು. ಅವರ ಜೊತೆ ಪುಟ್ಟ ಮಗುವಿತ್ತು. ಅದರ ಮುಖ ನನಗೆ ಇವತ್ತಿಗೂ ನೆನಪಿದೆ.

ಹಾಗಾದರೆ ಸರಿಯಾದ ಉತ್ತರ ಹೇಗೆ ಸಾಗಬೇಕು?

ಮೊದಲು ಅವರು ಮಾತು ಮುಗಿಸಲಿ. ಮಧ್ಯೆ ಬಾಯಿ ಹಾಕದಿದ್ದರೆ ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ಮೊದಲ ಬಿಸಿ ಇಳಿಯುತ್ತದೆ. ಆಮೇಲೆ ನೀವು ಕೇಳಿಸಿಕೊಂಡದ್ದನ್ನು ಅವರ ವಿವರಗಳ ಸಮೇತ ವಾಪಸ್ ಹೇಳಬೇಕು: "ಸರ್, ರಾತ್ರಿಯಿಡೀ ಪ್ರಯಾಣ ಮಾಡಿ ಬಂದಿದ್ದೀರಿ, ಅಮ್ಮನೂ ಜೊತೆಗಿದ್ದಾರೆ. ಹನ್ನೊಂದಕ್ಕೆ ರೂಮ್ ಸಿಗುತ್ತೆ ಅಂತ ನಂಬಿಕೊಂಡು ಬಂದಿರಿ, ಇಲ್ಲಿ ನೋಡಿದರೆ ರೂಮ್ ರೆಡಿ ಇಲ್ಲ. ನಿಮ್ಮನ್ನು ಹೀಗೆ ನಿಲ್ಲಿಸಿದ್ದಕ್ಕೆ ಸಾರಿ ಸರ್." ಇಲ್ಲಿ ಸಾರಿ ಕೇಳಿದ್ದು ಯಾವುದಕ್ಕೆ ಅಂತ ಗಮನಿಸಿ. ನಿಲ್ಲಿಸಿದ್ದಕ್ಕೆ. ಫೋನಿನಲ್ಲಿ ಯಾರೋ ಮಾತು ಕೊಟ್ಟಿದ್ದರಾ ಇಲ್ಲವಾ ಅನ್ನುವುದು ನಿಮಗೆ ಇನ್ನೂ ಗೊತ್ತಿಲ್ಲ. ಅದನ್ನು ಒಪ್ಪುವುದೂ ಬೇಡ, ಅಲ್ಲಗಳೆಯುವುದೂ ಬೇಡ. "ಆ ಫೋನಿನ ವಿಷಯ ನಾನು ಡ್ಯೂಟಿ ಮ್ಯಾನೇಜರ್ ಗಮನಕ್ಕೆ ತರ್ತೀನಿ, ಮೊದಲು ನಿಮ್ಮ ರೂಮ್ ನೋಡೋಣ" ಅಂದರೆ ಸಾಕು. ಈ ಒಂದು ವಾಕ್ಯವನ್ನು ತಾನಾಗಿ ಹೇಳಿದವರನ್ನು ನಾನು ಪಟ್ಟಿಯಲ್ಲಿ ಗುರುತು ಹಾಕಿ ಇಟ್ಟುಕೊಳ್ಳುತ್ತಿದ್ದೆ.

ಆಮೇಲೆ ಪತ್ತೆ ಮಾಡುವ ಕೆಲಸ. ಬುಕಿಂಗ್ ತೆರೆದು ಯಾವ ಕ್ಯಾಟಗರಿ, ಎಷ್ಟು ರಾತ್ರಿ, ದುಡ್ಡು ಎಲ್ಲಿ ಕಟ್ಟಿದ್ದಾರೆ ಅಂತ ನೋಡಬೇಕು. ರಿಮಾರ್ಕ್ಸ್‌ನಲ್ಲಿ ಏನಾದರೂ ಬರೆದಿದೆಯಾ ನೋಡಬೇಕು. ಮೂರನೆಯದನ್ನು ಹೆಚ್ಚಿನವರು ಮರೆಯುತ್ತಾರೆ: ಹೌಸ್‌ಕೀಪಿಂಗ್‌ಗೆ ಫೋನ್ ಮಾಡುವುದು. ಅದೇ ಕ್ಯಾಟಗರಿಯಲ್ಲಿ ಈಗಾಗಲೇ ಖಾಲಿಯಾಗಿ ಕ್ಲೀನಿಂಗ್‌ಗೆ ಕಾಯುತ್ತಿರುವ ರೂಮ್ ಇದೆಯಾ, ಯಾವುದನ್ನು ಮೊದಲು ತೆಗೆದುಕೊಳ್ಳಬಹುದು ಅಂತ ಕೇಳಬೇಕು. ಗೆಸ್ಟ್ ಚೆಕ್‌ಔಟ್ ಆದ ರೂಮನ್ನು ಸರಿಯಾಗಿ ಮಾಡಲು ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಬೇಕು. ಅದಾದ ಮೇಲೆ ಸೂಪರ್‌ವೈಸರ್ ಬಂದು ನೋಡಿ ರೆಡಿ ಅಂತ ಹಾಕಬೇಕು. ಅವರು "ಹನ್ನೆರಡೂಕಾಲಿಗೆ ಕೊಡ್ತೀವಿ" ಅಂದರೆ ನೀವು ಅತಿಥಿಗೆ "ಹನ್ನೆರಡೂವರೆ" ಅನ್ನಬೇಕು. ಹದಿನೈದು ನಿಮಿಷ ಮುಂಚೆ ಕೀ ಸಿಕ್ಕಿದವನಿಗೂ ಹದಿನೈದು ನಿಮಿಷ ತಡವಾಗಿ ಸಿಕ್ಕಿದವನಿಗೂ ಎಷ್ಟು ವ್ಯತ್ಯಾಸ ಅಂತ ಲಾಬಿಯಲ್ಲಿ ನಿಂತು ನೋಡಿದವರಿಗೇ ಗೊತ್ತು.

ಈಗ ಒಂದು ಗಂಟೆ ಹದಿನೈದು ನಿಮಿಷ ಕಾಯಬೇಕು. ಆ ಹೊತ್ತನ್ನು ಏನು ಮಾಡುತ್ತೀರಿ? ಅಮ್ಮನನ್ನು ಕೂರಿಸುವುದು ಮೊದಲು. ಲಗೇಜಿಗೆ ಟ್ಯಾಗ್ ಹಾಕಿಸಿ ಒಳಗಿಡಿಸುವುದು. ಹೋಟೆಲ್ಲಿನಲ್ಲಿ ಮುಖ ತೊಳೆದು ಬಟ್ಟೆ ಬದಲಾಯಿಸಲು ಒಂದು ರೂಮ್ ಇದ್ದರೆ, ಅದಕ್ಕೆ ವಾಶ್ ಅಂಡ್ ಚೇಂಜ್ ರೂಮ್ ಅಂತಾರೆ, ಅದನ್ನು ಕೊಡಬಹುದಾ ಅಂತ ಡ್ಯೂಟಿ ಮ್ಯಾನೇಜರ್ ಹತ್ತಿರ ಕೇಳುವುದು. ಕಾಫಿ, ಮಗುವಿಗೆ ಹಾಲು ಕೊಡಿಸುವುದಾದರೆ ಅದು ಹೋಟೆಲ್ ಲೆಕ್ಕದಲ್ಲಾ ಅವರ ಲೆಕ್ಕದಲ್ಲಾ ಅಂತ ಮೊದಲೇ ಖಚಿತ ಮಾಡಿಕೊಳ್ಳುವುದು. ಇಲ್ಲದಿದ್ದರೆ ಆಮೇಲೆ ಬಿಲ್ಲಿನಲ್ಲಿ ಅದು ಕಂಡು ಎರಡನೇ ಜಗಳ ಆಗುತ್ತದೆ. ಗುರುತಿನ ಚೀಟಿ, ಸಹಿ, ಎಲ್ಲ ಕಾಗದ ಈಗಲೇ ಮುಗಿಸಿಟ್ಟರೆ ರೂಮ್ ಬಂದ ತಕ್ಷಣ ಕೀ ಕೊಟ್ಟು ಕಳಿಸಬಹುದು. ಮತ್ತೆ ಹನ್ನೆರಡು ಗಂಟೆಗೆ, ಅವರು ಎದ್ದು ಬಂದು ಕೇಳುವ ಮುಂಚೆ, ನೀವೇ ಹೋಗಿ ಹೇಳಬೇಕು: "ಸರ್, ರೂಮ್‌ನಲ್ಲಿ ಕೆಲಸ ನಡೀತಿದೆ, ಹೇಳಿದ ಟೈಮಿಗೇ ಕೊಡ್ತೀವಿ." ಹೊಸ ಸುದ್ದಿ ಇಲ್ಲದಿದ್ದರೂ ಹೋಗಿ ಹೇಳಬೇಕು. ಕಾಯುತ್ತಾ ಕೂತವರಿಗೆ ತಮ್ಮನ್ನು ಮರೆತೇಬಿಟ್ಟರು ಅಂತ ಅನಿಸಿದಾಗಲೇ ಸಿಟ್ಟು ಎರಡನೇ ಸಲ ಏರುವುದು.

ಕೊನೆಯದು ಲಾಗ್‌ಬುಕ್. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದವರಿಗೆ 'ಲರ್ನ್' ಅಂತ ಒಂದು ಸೂತ್ರ ಕಲಿಸಿರುತ್ತಾರೆ. ಆ ಇಂಗ್ಲಿಷ್ ಪದದ ಐದು ಅಕ್ಷರಕ್ಕೆ ಐದು ಕೆಲಸ: ಕೇಳಿಸಿಕೊ, ಅವರ ಕಷ್ಟ ಅರ್ಥ ಮಾಡಿಕೊ, ಕ್ಷಮೆ ಕೇಳು, ಪರಿಹಾರ ಕೊಡು, ಸಂಬಂಧಪಟ್ಟವರಿಗೆ ತಿಳಿಸು. ಸೂತ್ರ ಬಾಯಿಪಾಠ ಆಗಿದ್ದವರು ಕೂಡ ಕೊನೆಯ ಅಕ್ಷರದ ಹತ್ತಿರ ಬಂದು ನಿಂತುಬಿಡುತ್ತಾರೆ. ಬೆಳಗಿನ ಶಿಫ್ಟ್ ಮೂರು ಗಂಟೆಗೆ ಮುಗಿದು ನೀವು ಮನೆಗೆ ಹೋದಿರಿ ಅನ್ನಿ. ಸಂಜೆ ಆ ಅತಿಥಿ ಕೌಂಟರಿಗೆ ಬಂದು ಇನ್ನೊಂದು ಟವೆಲ್ ಕೇಳುತ್ತಾರೆ. ಅಲ್ಲಿ ನಿಂತ ಹುಡುಗಿಗೆ ಬೆಳಿಗ್ಗೆ ನಡೆದದ್ದು ಗೊತ್ತಿಲ್ಲದೆ ಎಲ್ಲರಿಗೂ ಹೇಳುವ ಹಾಗೆ "ಕಾಯಿರಿ ಸರ್" ಅಂದರೆ? ಅದಕ್ಕೇ ಎರಡೇ ಸಾಲು ಸಾಕು, ರೂಮ್ ನಂಬರ್, ಏನಾಯಿತು, ಏನು ಕೊಟ್ಟೆವು, ಏನು ಬಾಕಿ ಇದೆ ಅಂತ ಬರೆದಿಡಬೇಕು. ಹಿಂದಿನ ದಿನದ ಫೋನಿನ ವಿಷಯವನ್ನೂ ಬರೆಯಬೇಕು. ನಮ್ಮವರೇ ಯಾರಾದರೂ ಹಾಗೆ ಮಾತು ಕೊಡುವ ಅಭ್ಯಾಸ ಇಟ್ಟುಕೊಂಡಿದ್ದರೆ ಮುಂದಿನ ಭಾನುವಾರವೂ ಇದೇ ಆಗುತ್ತದೆ, ಅಲ್ವಾ? ಮತ್ತೆ ಅವರು ರೂಮಿಗೆ ಹೋದ ಅರ್ಧ ಗಂಟೆಗೆ ಒಂದು ಫೋನ್: "ಎಲ್ಲ ಸರಿ ಇದೆಯಾ ಸರ್, ಅಮ್ಮ ಮಲಗಿದ್ರಾ?"

ಇಷ್ಟನ್ನೂ ಇಂಟರ್‌ವ್ಯೂನಲ್ಲಿ ಒಂದೇ ಉಸಿರಿಗೆ ಹೇಳಬೇಡಿ. ಮೊದಲ ಉತ್ತರ ಒಂದೂವರೆ ನಿಮಿಷ ಮೀರದಿರಲಿ. ಕೇಳಿಸಿಕೊಂಡೆ, ಪತ್ತೆ ಮಾಡಿದೆ, ನಿಜವಾದ ಸಮಯ ಕೊಟ್ಟೆ, ಕಾಯುವ ಹೊತ್ತಿಗೆ ವ್ಯವಸ್ಥೆ ಮಾಡಿದೆ, ಬರೆದಿಟ್ಟೆ. ಇಷ್ಟು ಹೇಳಿ ನಿಲ್ಲಿಸಿ. ಅವರು ಬಾಗಿಲು ಮುಚ್ಚಲು ಶುರು ಮಾಡುತ್ತಾರೆ.

"ಇಲ್ಲ, ಅವರಿಗೆ ಕಾಯುವುದೇ ಬೇಡ. ದುಡ್ಡು ವಾಪಸ್ ಕೊಡಿ, ಬೇರೆ ಹೋಟೆಲ್‌ಗೆ ಹೋಗ್ತೀವಿ ಅಂತಾರೆ." ಇಲ್ಲಿ "ಕೊಡ್ತೀನಿ" ಅಂದರೂ ತಪ್ಪು, "ಕೊಡಲ್ಲ" ಅಂದರೂ ತಪ್ಪು. ಆ್ಯಪ್‌ನಲ್ಲಿ ಕಟ್ಟಿದ ದುಡ್ಡು ಹಲವು ಸಲ ಆ್ಯಪ್‌ನವರ ಹತ್ತಿರವೇ ಇರುತ್ತದೆ, ಕೌಂಟರಿನ ಡ್ರಾಯರ್ ತೆಗೆದು ಎಣಿಸಿ ಕೊಡುವ ಹಾಗಿರುವುದಿಲ್ಲ. ರದ್ದು ಮಾಡುವ ಷರತ್ತು ಬುಕಿಂಗಿನಲ್ಲೇ ಇರುತ್ತದೆ. ಆ ಷರತ್ತು ಬಿಟ್ಟುಕೊಡಬಹುದಾ ಅನ್ನುವುದನ್ನು ಮ್ಯಾನೇಜರ್ ತೀರ್ಮಾನಿಸಬೇಕು. ಹಾಗಾಗಿ ಒಳ್ಳೆಯ ಉತ್ತರ ಹೀಗಿರುತ್ತದೆ: "ಅದನ್ನು ತೀರ್ಮಾನ ಮಾಡುವ ಅಧಿಕಾರ ನನಗಿಲ್ಲ, ಇರುವವರನ್ನು ಈಗಲೇ ಕರೆಸ್ತೀನಿ ಅಂತ ಅತಿಥಿಗೆ ನೇರವಾಗಿ ಹೇಳ್ತೀನಿ. ಡ್ಯೂಟಿ ಮ್ಯಾನೇಜರ್ ಬರುವ ಮುಂಚೆಯೇ ವಿಷಯ ಪೂರ್ತಿ ಅವರಿಗೆ ತಿಳಿಸಿರ್ತೀನಿ, ಅತಿಥಿ ಎಲ್ಲವನ್ನೂ ಮೊದಲಿಂದ ಹೇಳೋ ಹಾಗಾಗಬಾರದು." ನೀವೂ "ಮ್ಯಾನೇಜರ್ ಕರೀತೀನಿ" ಅಂತಲೇ ಹೇಳಿದ್ದಿರಿ. ಆದರೆ ಯಾವಾಗ ಕರೆಯುತ್ತೀರಿ, ಯಾಕೆ ಕರೆಯುತ್ತೀರಿ, ಏನು ಹೇಳಿ ಕರೆಯುತ್ತೀರಿ ಅನ್ನುವುದು ಅದರಲ್ಲಿ ಇರಲಿಲ್ಲ. ಅದಿಲ್ಲದಿದ್ದರೆ ತನ್ನ ತಲೆಯಿಂದ ಭಾರ ಇಳಿಸಿಕೊಳ್ಳುತ್ತಿದ್ದಾನೆ ಅಂತ ಕೇಳುತ್ತದೆ.

"ಡ್ಯೂಟಿ ಮ್ಯಾನೇಜರ್ ಫೋನ್ ಎತ್ತುತ್ತಿಲ್ಲ." ಇಲ್ಲಿ ಬಹಳ ಜನ ಹೆದರಿ ಏನೋ ಒಂದು ಕೊಟ್ಟುಬಿಡುತ್ತಾರೆ. ನೀವು ತಿರುಗಿ ಒಂದು ಪ್ರಶ್ನೆ ಕೇಳಬಹುದು, ಕೇಳಲೇಬೇಕು: "ಸರ್, ನಿಮ್ಮ ಹೋಟೆಲ್‌ನಲ್ಲಿ ಫ್ರಂಟ್ ಆಫೀಸ್‌ನವರು ತಾವೇ ಎಷ್ಟರ ತನಕ ತೀರ್ಮಾನ ಮಾಡಬಹುದು?" ಇದು ತಿಳಿದವರು ಕೇಳುವ ಪ್ರಶ್ನೆ. ಯಾಕೆಂದರೆ ಇದು ಒಂದೊಂದು ಕಡೆ ಒಂದೊಂದು ರೀತಿ. ರಿಟ್ಜ್ ಕಾರ್ಲ್‌ಟನ್ ಹೋಟೆಲ್‌ಗಳಲ್ಲಿ ಯಾವುದೇ ಕೆಲಸದವರು ಮೇಲಿನವರನ್ನು ಕೇಳದೆ ಒಬ್ಬ ಅತಿಥಿಗಾಗಿ 2,000 ಡಾಲರ್ ತನಕ ಖರ್ಚು ಮಾಡಬಹುದು ಅನ್ನುವ ನಿಯಮ ಈ ಉದ್ಯಮದಲ್ಲೆಲ್ಲ ಹೆಸರಾಗಿದೆ. ನಮ್ಮ ಊರುಗಳ ಎಷ್ಟೋ ಹೋಟೆಲ್‌ಗಳಲ್ಲಿ ಅದು ಎರಡು ಕಾಫಿಯ ತನಕ ಇರುತ್ತದೆ, ಕೆಲವು ಕಡೆ ಅದೂ ಇರುವುದಿಲ್ಲ. ಅವರು ಮಿತಿ ಹೇಳಿದರೆ ಆ ಮಿತಿಯೊಳಗೆ ಉತ್ತರ ಕೊಡಿ. ಹೇಳದಿದ್ದರೆ, "ಡ್ಯೂಟಿ ಮ್ಯಾನೇಜರ್ ಸಿಗದಿದ್ದರೆ ಫ್ರಂಟ್ ಆಫೀಸ್ ಮ್ಯಾನೇಜರ್‌ಗೆ ಫೋನ್ ಮಾಡ್ತೀನಿ, ಅಲ್ಲಿ ತನಕ ದುಡ್ಡಿನ ವಿಷಯದಲ್ಲಿ ಮಾತು ಕೊಡಲ್ಲ, ಕೂರಿಸೋದು, ಲಗೇಜ್, ಕುಡಿಯಲು ನೀರು ಇಷ್ಟಕ್ಕೆ ಯಾರ ಅನುಮತಿಯೂ ಬೇಕಿಲ್ಲ" ಅನ್ನಿ.

ಹಿಂದೆ ನಾಲ್ಕು ಜನ ನಿಂತಿದ್ದರೆ? ಸಿಟ್ಟಾದವರನ್ನು ಕೌಂಟರ್‌ನಿಂದ ಸೋಫಾದ ಕಡೆ ಕರೆದುಕೊಂಡು ಹೋಗಬೇಕು, ಸಾಧ್ಯವಾದರೆ ನೀವೂ ಅವರ ಪಕ್ಕದಲ್ಲಿ ಬಂದು ಮಾತಾಡಬೇಕು. ಕೌಂಟರ್ ಮಧ್ಯೆ ಇದ್ದಷ್ಟು ಹೊತ್ತು ಎದುರಾಳಿಗಳ ಹಾಗೆ ಇರುತ್ತೀರಿ, ಜನ ನೋಡುತ್ತಿದ್ದಷ್ಟೂ ಅವರಿಗೂ ತಗ್ಗುವುದು ಕಷ್ಟ. ಹೋಗುವಾಗ ಪಕ್ಕದ ಸಹೋದ್ಯೋಗಿಗೆ ಹೇಳಿ, ಸಾಲಿನಲ್ಲಿ ನಿಂತವರ ಕಡೆ ನೋಡಿ "ಈಗ ಬರ್ತಾರೆ ಸರ್" ಅಂತ ಒಂದು ಮಾತು ಹೇಳಿ ಹೋದರೆ ಆಯಿತು.

ಫೋನ್ ತೆಗೆದು ವಿಡಿಯೋ ಮಾಡಲು ಶುರು ಮಾಡಿದರೆ ಅಂತಲೂ ಈಗೀಗ ಕೇಳುತ್ತಾರೆ. ಫೋನಿಗೆ ಕೈ ಹಾಕಬಾರದು, "ವಿಡಿಯೋ ನಿಲ್ಲಿಸಿ" ಅಂತ ಜಗಳಕ್ಕೂ ನಿಲ್ಲಬಾರದು. ವಿಡಿಯೋ ಇಲ್ಲದಿದ್ದಾಗ ಹೇಗೆ ಮಾತಾಡುತ್ತಿದ್ದಿರೋ ಹಾಗೇ ಮಾತಾಡಬೇಕು, ಬೇರೆ ಅತಿಥಿಗಳ ಹೆಸರು, ರೂಮ್ ನಂಬರ್ ಬಾಯಿಗೆ ಬರಬಾರದು, ಡ್ಯೂಟಿ ಮ್ಯಾನೇಜರ್‌ಗೆ ತಿಳಿಸಬೇಕು.

ಇನ್ನೊಂದು ಪ್ರಶ್ನೆಯ ಮುಂದೆ ಒಳ್ಳೆಯ ಹುಡುಗ ಹುಡುಗಿಯರೂ ಎಡವುತ್ತಾರೆ. "ಅವರು ನಿಮಗೆ ಕೆಟ್ಟ ಮಾತು ಬೈತಾರೆ. ಕೈ ಎತ್ತುತ್ತಾರೆ. ಆಗಲೂ ನಗ್ತಾ ಇರ್ತೀರಾ?" ಹೌದು ಅನ್ನಬೇಡಿ. ಗ್ರಾಹಕನೇ ದೇವರು ಅಂತ ಹೇಳಿ ಪಾರಾಗಲೂ ನೋಡಬೇಡಿ. ರೂಮಿನ ಬಗ್ಗೆ, ಹೋಟೆಲ್ ಬಗ್ಗೆ ಕೂಗಾಡುವುದು ಒಂದು. ನಿಮ್ಮನ್ನೋ ಪಕ್ಕದ ಹುಡುಗಿಯನ್ನೋ ಬೈಯುವುದು, ಮುಟ್ಟುವುದು ಇನ್ನೊಂದು. ಮೊದಲನೆಯದನ್ನು ತಾಳಿಕೊಳ್ಳುವುದು ಕೆಲಸದ ಭಾಗ. ಎರಡನೆಯದಕ್ಕೆ ಒಂದು ಸಲ ಸ್ಪಷ್ಟವಾಗಿ ಹೇಳಬೇಕು: "ಸರ್, ನಿಮಗೆ ಸಹಾಯ ಮಾಡಲಿಕ್ಕೇ ನಿಂತಿದ್ದೀನಿ, ಆದರೆ ಈ ಭಾಷೆಯಲ್ಲಿ ಮಾತಾಡಿದರೆ ಆಗಲ್ಲ." ನಿಲ್ಲದಿದ್ದರೆ ಹಿಂದೆ ಸರಿದು ಸೆಕ್ಯುರಿಟಿ ಮತ್ತು ಡ್ಯೂಟಿ ಮ್ಯಾನೇಜರ್ ಇಬ್ಬರನ್ನೂ ಕರೆಯಬೇಕು. ಈ ಗೆರೆ ಎಲ್ಲಿದೆ ಅಂತ ಗೊತ್ತಿಲ್ಲದವರನ್ನು ರಾತ್ರಿ ಶಿಫ್ಟಿಗೆ ಹಾಕಲು ನನಗೆ ಭಯ ಆಗುತ್ತಿತ್ತು. ಈ ಉತ್ತರ ಕೇಳಿ ಮುಖ ಗಂಟಿಕ್ಕುವ ಹೋಟೆಲ್ ಇದ್ದರೆ ಅಲ್ಲಿ ಕೆಲಸಕ್ಕೆ ಸೇರುವ ಮುಂಚೆ ನೀವೇ ಎರಡು ಸಲ ಯೋಚನೆ ಮಾಡಿ.

ಶೋರೂಮಿನ ಇಂಟರ್‌ವ್ಯೂಗೆ ಮತ್ತೆ ಹೋಗಬಹುದು ಅಂತ ಒಂದು ಮಾತು. ಅಲ್ಲಿ ಕೇಳುವ ಪ್ರಸಂಗ ಹೆಚ್ಚಾಗಿ ವಾಪಸ್ ತರುವುದರ ಬಗ್ಗೆ. ಒಂದೇ ವಾಶಿಗೆ ಬಣ್ಣ ಬಿಟ್ಟ ಕುರ್ತಾ, ಬಿಲ್ ಇಲ್ಲ, "ದುಡ್ಡು ಕೊಡಿ" ಅಂತ ಕೂಗಾಟ. ಸೋದರಮಾವನ ಅಂಗಡಿಯಲ್ಲಿ ಎರಡು ವರ್ಷ ಇದ್ದವರಿಗೆ ಇದು ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಆದರೆ ಬಹಳ ಅಂಗಡಿಗಳಲ್ಲಿ "ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ" ಅನ್ನುವ ಬೋರ್ಡ್ ಇರುತ್ತದಲ್ಲ, ಆ ಬೋರ್ಡ್ ತೋರಿಸುತ್ತೇನೆ ಅಂತ ಮಾತ್ರ ಉತ್ತರ ಕೊಡಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈನಲ್ಲಿ ಜಾರಿಗೆ ಬಂತು. ದೋಷ ಇರುವ ಮಾಲನ್ನು ಬಿಲ್ಲಿನಲ್ಲಿ ಬರೆದಿರುವ ಅವಧಿಯೊಳಗೆ, ಅವಧಿ ಬರೆದಿಲ್ಲದಿದ್ದರೆ 30 ದಿನದೊಳಗೆ, ವಾಪಸ್ ತೆಗೆದುಕೊಂಡು ದುಡ್ಡು ಮರಳಿಸಲು ಒಪ್ಪದಿರುವುದನ್ನು ಅದು ಅನುಚಿತ ವ್ಯಾಪಾರ ಪದ್ಧತಿ ಎನ್ನುತ್ತದೆ. ಇದು ದೋಷ ಇರುವ ಮಾಲಿಗೆ. "ಮನೆಯಲ್ಲಿ ಬಣ್ಣ ಇಷ್ಟ ಆಗಲಿಲ್ಲ" ಅಂತ ತಂದರೆ ಅಂಗಡಿಯ ಎಕ್ಸ್‌ಚೇಂಜ್ ನಿಯಮ ಏನಿದೆಯೋ ಅದೇ ನಡೆಯುತ್ತದೆ.

ಹಾಗಾಗಿ ನೀವು ಮಾಡಬೇಕಾದ ಪತ್ತೆ ಕೆಲಸ ಏನು ಅಂದರೆ ಇದು ಎರಡರಲ್ಲಿ ಯಾವುದು ಅಂತ ತಿಳಿಯುವುದು. ಕುರ್ತಾದ ಒಳಗಿನ ವಾಶ್ ಕೇರ್ ಲೇಬಲ್ ನೋಡಿ, ಹೇಗೆ ಒಗೆದರು ಅಂತ ಆರೋಪದ ದನಿ ಇಲ್ಲದೆ ಕೇಳಬೇಕು. ಬಿಲ್ ಇಲ್ಲದಿದ್ದರೆ ಮೊಬೈಲ್ ನಂಬರ್ ಹಾಕಿ ಸಿಸ್ಟಮ್‌ನಲ್ಲಿ ಹುಡುಕಬೇಕು. ಲೇಬಲ್ ಹೇಳಿದ ಹಾಗೇ ಒಗೆದೂ ಬಣ್ಣ ಬಿಟ್ಟಿದ್ದರೆ, ಅದನ್ನು ಕೈಯಲ್ಲಿ ಹಿಡಿದುಕೊಂಡೇ ಸ್ಟೋರ್ ಮ್ಯಾನೇಜರ್ ಹತ್ತಿರ ಹೋಗಿ "ಇದು ಮಾಲಿನ ದೋಷದ ಹಾಗೆ ಕಾಣ್ತಿದೆ" ಅಂತ ಹೇಳಬೇಕು. ಗ್ರಾಹಕ "ಕನ್ಸ್ಯೂಮರ್ ಕೋರ್ಟಿಗೆ ಹೋಗ್ತೀನಿ" ಅಂದರೆ "ಹೋಗಿ" ಅನ್ನಬೇಡಿ, ಹೆದರಿ ಕಾಲು ಹಿಡಿಯುವುದೂ ಬೇಡ. ಅದು ಅವರ ಹಕ್ಕು. "ಅಷ್ಟರ ತನಕ ಹೋಗೋ ಹಾಗಾಗದಿರಲಿ ಅಂತಲೇ ನೋಡ್ತಿದ್ದೀನಿ" ಅಂದರೆ ಸಾಕು.

ಇನ್ನು "ನೀವೇ ಎದುರಿಸಿದ ಒಂದು ಸಂದರ್ಭ ಹೇಳಿ" ಅಂತ ಕೇಳುವುದೂ ಉಂಟು. ನಿಮಗೆ ಎರಡು ವರ್ಷದ ಅನುಭವ ಇದೆ, ಅದನ್ನು ಮನೆಯ ಅಂಗಡಿ ಅಂತ ಸಂಕೋಚದಿಂದ ಮುಚ್ಚಿಡಬೇಡಿ. ಒಂದು ಸಲ ಒಬ್ಬ ಹುಡುಗಿ ಇಂಟರ್‌ವ್ಯೂಗೆ ಬಂದಿದ್ದಳು, ಬೇಕರಿಯಲ್ಲಿ ಮಾತ್ರ ಕೆಲಸ ಮಾಡಿದ್ದವಳು. ಹುಟ್ಟುಹಬ್ಬದ ಕೇಕಿನ ಮೇಲೆ ಮಗುವಿನ ಹೆಸರು ತಪ್ಪಾಗಿ ಬರೆದಿತ್ತಂತೆ. ಸಂಜೆ ಏಳಕ್ಕೆ ತಂದೆ ಬಂದು ಕೇಕಿನ ಡಬ್ಬ ಕೌಂಟರ್ ಮೇಲೆ ಕುಕ್ಕಿ ಕೂಗಾಡಿದರು, ಎಂಟಕ್ಕೆ ಮನೆಯಲ್ಲಿ ಕಾರ್ಯಕ್ರಮ. "ಆರ್ಡರ್ ಫೋನಿನಲ್ಲಿ ಬರ್ಕೊಂಡಿದ್ದು ನಾನೇ ಮೇಡಂ, ತಪ್ಪು ನಂದೇ" ಅಂದಳು. ಅವರಿಗೂ ಹಾಗೇ ಹೇಳಿದಳಂತೆ. ಪೂರ್ತಿ ಹೊಸ ಕೇಕ್‌ಗೆ ಟೈಮ್ ಇರಲಿಲ್ಲ. ಒಳಗೆ ಕೇಳಿ, ಮೇಲಿನ ಕ್ರೀಮ್ ಒಂದು ಪದರ ತೆಗೆದು ಮತ್ತೆ ಬರೆಯಲು ಇಪ್ಪತ್ತು ನಿಮಿಷ ಬೇಕು ಅಂತ ತಿಳಿದುಕೊಂಡಳು. ಅವರನ್ನು ಮನೆಗೆ ಕಳಿಸಿ, ಮಾಲೀಕರನ್ನು ಕೇಳಿ, ಏಳೂವರೆಗೆ ಆಟೋದಲ್ಲಿ ಹುಡುಗನ ಕೈಯಲ್ಲಿ ಕಳಿಸಿದಳು. ಮುಟ್ಟಿತಾ ಅಂತ ಫೋನ್ ಮಾಡಿ ಕೇಳಿದಳು. ಮರುದಿನದಿಂದ ಫೋನ್ ಆರ್ಡರ್ ಇದ್ದರೆ ಹೆಸರನ್ನು ವಾಟ್ಸ್ಆ್ಯಪ್‌ನಲ್ಲಿ ಟೈಪ್ ಮಾಡಿ ಕಳಿಸಿ ಅಂತ ಕೇಳಲು ಶುರು ಮಾಡಿದಳು.

ಅವಳ ಇಂಗ್ಲಿಷ್ ತಡವರಿಸುತ್ತಿತ್ತು, ಸ್ವಲ್ಪ ಕನ್ನಡದಲ್ಲೇ ಹೇಳಿದಳು. ನಾವು ಅವತ್ತೇ ಅವಳನ್ನು ತೆಗೆದುಕೊಂಡೆವು. ಆ ಕಥೆಯಲ್ಲಿ ಗಂಟೆ ಇದೆ, ನಿಮಿಷ ಇದೆ, ಯಾರನ್ನು ಕೇಳಿದಳು ಅಂತ ಇದೆ, ತಪ್ಪು ಯಾರದ್ದು ಅಂತ ಇದೆ, ಮರುದಿನ ಏನು ಬದಲಾಯಿತು ಅಂತ ಇದೆ. ಸುಳ್ಳು ಕಥೆಯಲ್ಲಿ ಇವು ಇರುವುದಿಲ್ಲ, "ಆಮೇಲೆ ಅವರು ತುಂಬಾ ಖುಷಿಯಾಗಿ ಹೋದರು" ಅಂತ ಮಾತ್ರ ಇರುತ್ತದೆ. "ಎಷ್ಟು ರೂಪಾಯಿಯ ಮಾಲು?" ಅಂತ ಒಂದು ಪ್ರಶ್ನೆ ಕೇಳಿದರೆ ಅದು ಕುಸಿಯುತ್ತದೆ. ನಿಮ್ಮ ಮಾವನ ಅಂಗಡಿಯಲ್ಲಿ ನಡೆದ ಇಂಥ ಒಂದು ದಿನವನ್ನು ನೆನಪು ಮಾಡಿಕೊಳ್ಳಿ, ಸಾಧ್ಯವಾದರೆ ಮಾವನಿಗೇ ಫೋನ್ ಮಾಡಿ ವಿವರ ಕೇಳಿ. ಎಲ್ಲ ಸುಖವಾಗಿ ಮುಗಿದ ಪ್ರಸಂಗವೇ ಆಗಬೇಕಿಲ್ಲ. ಗ್ರಾಹಕ ಸಮಾಧಾನ ಆಗದೇ ಹೋಗಿದ್ದರೂ, ನೀವು ಏನು ಮಾಡಿದಿರಿ, ಈಗಾದರೆ ಬೇರೆ ಏನು ಮಾಡುತ್ತಿದ್ದಿರಿ ಅಂತ ಹೇಳಿದರೆ ಅದು ಒಳ್ಳೆಯ ಉತ್ತರವೇ.

ಇಂಗ್ಲಿಷ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. "ಐ ಕಂಪ್ಲೀಟ್ಲಿ ಅಂಡರ್‌ಸ್ಟ್ಯಾಂಡ್ ಯುವರ್ ಫ್ರಸ್ಟ್ರೇಶನ್" ಅಂತ ಬಾಯಿಪಾಠ ಮಾಡಿದ ಸಾಲು ದೂರದಿಂದಲೇ ಗೊತ್ತಾಗುತ್ತದೆ. ಸಿಟ್ಟಾದವರಿಗೆ ಅದು ಇನ್ನೂ ಸಿಟ್ಟು ತರಿಸುತ್ತದೆ. ನಿಮಗೆ ಸಲೀಸಾಗಿ ಬರುವ ಪುಟ್ಟ ಪುಟ್ಟ ವಾಕ್ಯ ಸಾಕು. ರೋಲ್ ಪ್ಲೇ ಮಾಡಿಸಿ, ಅವರೇ ಸಿಟ್ಟಿನ ಗೆಸ್ಟ್ ಆಗಿ ನಟಿಸಿದರೆ "ಏನ್ ಮಾಡ್ತೀನಿ ಅಂದ್ರೆ..." ಅಂತ ವಿವರಣೆಗೆ ಹೋಗಬೇಡಿ. ಅವರ ಮುಖ ನೋಡಿ ನೇರವಾಗಿ ಆ ಗೆಸ್ಟ್ ಜೊತೆ ಮಾತಾಡಿ.

ಮುಂದಿನ ವಾರಕ್ಕೆ ನಿಮ್ಮ ಕೈಯಲ್ಲಿ ಇರುವ ಸಮಯ ಕಡಿಮೆ, ಅದನ್ನು ಹೀಗೆ ಬಳಸಿ. ಆ ಹೋಟೆಲ್ಲಿನ ವೆಬ್‌ಸೈಟ್ ನೋಡಿ ಚೆಕ್‌ಇನ್ ಎಷ್ಟಕ್ಕೆ, ಚೆಕ್‌ಔಟ್ ಎಷ್ಟಕ್ಕೆ, ತಿಂಡಿ ಎಷ್ಟು ಗಂಟೆ ತನಕ, ಎಷ್ಟು ರೂಮ್ ಇವೆ ಅಂತ ಬರೆದುಕೊಳ್ಳಿ. ಆಮೇಲೆ ಜನ ಹಾಕಿರುವ ರಿವ್ಯೂ ತೆರೆದು, ಈಚಿನ ಎರಡು ಮೂರು ತಿಂಗಳಲ್ಲಿ ಒಂದು, ಎರಡು ಸ್ಟಾರ್ ಕೊಟ್ಟವರು ಬರೆದದ್ದನ್ನು ಮಾತ್ರ ಓದಿ. ಅರ್ಧ ಗಂಟೆ ಓದಿದರೆ ಒಂದೇ ದೂರು ಮೂರು ನಾಲ್ಕು ಸಲ ಕಾಣುತ್ತದೆ: ಬಿಸಿನೀರು ಬರಲಿಲ್ಲ, ಪಾರ್ಕಿಂಗ್ ಸಿಗಲಿಲ್ಲ, ಮೇಲಿನ ಹಾಲ್‌ನಲ್ಲಿ ಮದುವೆ ಗಲಾಟೆಗೆ ನಿದ್ದೆ ಬರಲಿಲ್ಲ, ಹೀಗೆ. ನಿಮ್ಮನ್ನು ಕೇಳುವವರು ದಿನಾ ಎದುರಿಸುತ್ತಿರುವುದು ಅದನ್ನೇ. ಪ್ರಶ್ನೆ ಅಲ್ಲಿಂದ ಬರುವ ಸಾಧ್ಯತೆ ಜಾಸ್ತಿ. ಆ ಮೂರು ದೂರಿಗೆ ಭಾನುವಾರದ ಕುಟುಂಬದ ಹಾಗೇ ಒಂದೊಂದು ಉತ್ತರ ಬಿಡಿಸಿ, ಒಬ್ಬ ಗೆಳೆಯನನ್ನು ಎದುರು ಕೂರಿಸಿಕೊಂಡು ಪ್ರತಿ ಉತ್ತರಕ್ಕೂ "ಅದೂ ಆಗಲಿಲ್ಲ, ಈಗ?" ಅಂತ ಮೂರು ಸಲ ಕೇಳಲು ಹೇಳಿ. ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಕೇಳಿಸಿಕೊಳ್ಳಿ. ಎಲ್ಲಿ ನೀವು "ಮ್ಯಾನೇಜರ್ ಕರೀತೀನಿ" ಅಂತ ಮೊದಲ ಹತ್ತು ಸೆಕೆಂಡಿನಲ್ಲೇ ಹೇಳಿದ್ದೀರೋ ಆ ಉತ್ತರವನ್ನು ಮತ್ತೆ ಮೊದಲಿಂದ ಮಾಡಿ.